ಸೋಲಾರ್ ಸೀರಿಯಲ್ ಸೆಟ್ಟು ಎಂಟು ಗಂಟೆಗೇ ಆಫ್ ಆಗ್ತಿದ್ರೆ

"ಚಿಕ್ಕಪ್ಪ, ಟೆರೇಸಿಗೆ ಹಾಕಿದ್ದ ಸೋಲಾರ್ ಸೀರಿಯಲ್ ಸೆಟ್ಟು ಹೋದ್ವರ್ಷ ನಡುರಾತ್ರಿ ದಾಟೋವರ್ಗೂ ಉರೀತಿತ್ತು, ಈ ವಾರ ಪೂರ್ತಿ ಮೋಡ, ಎಂಟು ಗಂಟೆಗೆಲ್ಲ ಆಫ್. ದೀಪಾವಳಿ ಹತ್ರ ಬಂತು, ಹೊಸ ಸೆಲ್ ಹಾಕ್ಸ್ಬಿಡ್ಲಾ?"

ಪುಟ್ಟಿ, ಹಳೇ ಸೆಲ್ ಈಗ್ಲೇ ಬಿಸಾಕ್ಬೇಡ ಕಣಮ್ಮ, ಮೊದ್ಲು ಒಂದು ಕೆಲ್ಸ ಮಾಡು. ಪ್ಯಾನಲ್ ಹಿಂದೆ ಸ್ಕ್ರೂ ಬಿಚ್ಚಿ ಒಳಗಿನ ಸೆಲ್ ಮೇಲೆ ಏನ್ ಬರ್ದಿದೆ ನೋಡು. 1.2 ವೋಲ್ಟ್ ಅಂತಿದ್ರೆ ಅದು ನಿಕಲ್ ಸೆಲ್, ಮಕ್ಕಳ ಆಟದ ಸಾಮಾನಿನ ಸೆಲ್ ಚಾರ್ಜ್ ಮಾಡೋ ಚಾರ್ಜರ್ ಬರುತ್ತಲ್ಲ ಅದ್ರಲ್ಲಿ ಫುಲ್ ಚಾರ್ಜ್ ಮಾಡಿ ಸಾಯಂಕಾಲ ವಾಪಸ್ ಹಾಕು. ಆವತ್ತು ರಾತ್ರಿ ಹನ್ನೆರಡರವರ್ಗೂ ಉರೀತು ಅಂದ್ರೆ ಸೆಲ್ ಚೆನ್ನಾಗಿದೆ, ಬಿಸಿಲು ಸಾಕಾಗ್ತಿಲ್ಲ ಅಷ್ಟೇಯ. ಆವತ್ತೂ ಒಂದೆರಡು ಗಂಟೇಲಿ ಮಂಕಾದ್ರೆ ಮಾತ್ರ ಸೆಲ್ ಹೋಗಿದೆ. 3.2 ಅಥ್ವಾ 3.7 ವೋಲ್ಟ್ ಅಂತಿದ್ರೆ ಅದು ಲಿಥಿಯಂ, ಅದನ್ನ ಈ ಚಾರ್ಜರಿಗೆ ದಯವಿಟ್ಟು ಹಾಕ್ಬೇಡ, ಮತ್ತೆ 3.2 ಜಾಗಕ್ಕೆ 3.7 ಸಿಗ್ತು ಅಂತ ಬದ್ಲಾಯ್ಸ್ಲೂ ಬೇಡ, ಎರಡರ ಚಾರ್ಜಿಂಗೇ ಬೇರೆ ಬೇರೆ.

ನಂಗನ್ಸೋದು ನಿಂದು ಮೋಡದ್ದೇ ತೊಂದ್ರೆ, ಯಾಕೆ ಅಂತ ಲೆಕ್ಕ ಹೇಳ್ತೀನಿ ಕೇಳು. ನಮ್ಮನೇಲಿರೋದು 600 ಎಂಎಎಚ್ ಸೆಲ್ಲು, ಅಂದ್ರೆ ಅದು ಹಿಡಿಯೋ ಚಾರ್ಜ್ ಅಷ್ಟು, ಪ್ಯಾನಲ್ಲು ಚೆನ್ನಾಗಿ ಬಿಸಿಲಿದ್ರೆ 120 ಮಿಲಿಆಂಪ್ ಕೊಡುತ್ತೆ. ಐದು ಗಂಟೆ ಒಳ್ಳೆ ಬಿಸಿಲು ಬಿತ್ತು ಅಂದ್ರೆ 600, ಚಾರ್ಜ್ ಆಗೋವಾಗ ಮೂರನೇ ಒಂದು ಭಾಗ ಹೋದ್ರೂ 400 ಉಳೀತು, ಸರ ಗಂಟೆಗೆ 60 ಎಳ್ಯುತ್ತೆ, ಅಂದ್ರೆ ಆರೂವರೆ ಗಂಟೆ. ಮೋಡ ಮುಚ್ಕೊಂಡ ದಿನ ಪ್ಯಾನಲ್ ಐದರಲ್ಲಿ ಒಂದು ಪಾಲು ಕೊಟ್ರೆ ಹೆಚ್ಚು, ಆಗ ಕೈಗೆ ಸಿಗೋದು 80, ಒಂದು ಗಂಟೆ ಇಪ್ಪತ್ತು ನಿಮಿಷ ಅಷ್ಟೇ. ಆರೂವರೆಗೆ ಹತ್ಕೊಂಡ್ರೆ ಎಂಟಕ್ಕೆ ಆರುತ್ತೆ, ನೀನು ಹೇಳಿದ್ದೇ ಟೈಮು. ಇದಕ್ಕೆ 1000ದ ಸೆಲ್ ತಂದ್ರೂ ಉಪಯೋಗ ಇಲ್ಲ, ನಲ್ಲೀಲಿ ನೀರೇ ಸಣ್ಣಗೆ ಬರ್ತಿರ್ಬೇಕಾದ್ರೆ ದೊಡ್ಡ ಡ್ರಮ್ ಇಟ್ಟಂಗಾಯ್ತು.

ಈಗ ಪ್ಯಾನಲ್ ಎಲ್ಲಿಟ್ಟಿದೀಯ ನೋಡು. ನಮ್ಮ ಕಡೆ ವಾಸ್ತು ಅಂತ ನೀರಿನ ಟ್ಯಾಂಕ್ ನೈಋತ್ಯಕ್ಕೇ ಕಟ್ಟೋದು, ದೀಪಾವಳಿ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಮಧ್ಯಾಹ್ನದ ಮೇಲೆ ಟ್ಯಾಂಕಿನ ನೆರಳು ಟೆರೇಸ್ ಮಧ್ಯಕ್ಕೆ ಉದ್ದಕ್ಕೆ ಬೀಳುತ್ತೆ. ನಾನೂ ಮೊದ್ಲು ಅಲ್ಲೇ ಕಂಬಿಗೆ ಕಟ್ಟಿದ್ದೆ, ಬೆಳಗ್ಗೆ ನೋಡ್ದಾಗ ಬಿಸಿಲಿತ್ತು ಅಂತ ಸುಮ್ನಾಗಿದ್ದೆ, ಎರಡು ಗಂಟೆಗೆ ಹೋಗಿ ನೋಡಿದ್ರೆ ಪೂರ್ತಿ ನೆರಳು! ಆಮೇಲೆ ದಕ್ಷಿಣದ ಪ್ಯಾರಾಪೆಟ್ ಮೇಲೇನೇ, ಆಗ್ನೇಯ ಮೂಲೆ ಹತ್ರ ಇಟ್ಟೆ, ಅಲ್ಲಿಗೆ ಟ್ಯಾಂಕ್ ನೆರಳು ಬರಲ್ಲ. ಬಿಸಿಲಿರೋ ದಿನ ದಕ್ಷಿಣಕ್ಕೆ ಮುಖ ಮಾಡಿ, ಅಂಗೈ ಅಗಲದ ಪ್ಯಾನಲ್ ಆದ್ರೆ ಹಿಂದಿನ ಅಂಚಿಗೆ ಎರಡಿಂಚಿನ ಕಲ್ಲು ಕೊಟ್ರೆ ಸಾಕು. ಮೋಡದ ವಾರ ಮಾತ್ರ ಕಲ್ಲು ತೆಗ್ದು ಮಟ್ಟಸವಾಗಿ ಆಕಾಶ ನೋಡೋಹಂಗೆ ಮಲಗ್ಸು, ಆಗ ಬೆಳಕು ಒಂದು ದಿಕ್ಕಿಂದ ಬರಲ್ಲ, ಎಲ್ಲಾ ಕಡೆಯಿಂದ ಬರುತ್ತೆ.

ಇನ್ನೊಂದು, ಆ ಪುಟ್ಟ ಪ್ಯಾನಲ್ ಒಳಗೆ ನಾಕೈದು ಪಟ್ಟಿ ಇರುತ್ತಲ್ಲ, ಒಂದಕ್ಕೊಂದು ಸರಪಳಿ ಥರ ಸೇರ್ಕೊಂಡಿರುತ್ತೆ. ಒಂದು ಪಟ್ಟಿ ಮೇಲೆ ಎಲೆ ಬಿದ್ರೂ, ಬಟ್ಟೆ ಹರವೋ ಹಗ್ಗದಲ್ಲಿ ನೇತಾಕಿರೋ ಟವೆಲ್ ನೆರಳು ಬಿದ್ರೂ ಎಲ್ಲದ್ರ ಕರೆಂಟೂ ಇಳಿಯುತ್ತೆ. ಅದಕ್ಕೇ ಗಾರ್ಡನ್ನಿನ ಕಡ್ಡಿ ಲೈಟುಗಳನ್ನ ಮಾವಿನ ಮರದ ಕೆಳಗೆ ಚುಚ್ಬೇಡ, ಅದ್ರ ಪ್ಯಾನಲ್ ತಲೆ ಮೇಲೇ ಇರೋದ್ರಿಂದ ಬೇರೆ ಕಡೆ ಇಡಕ್ಕಾಗಲ್ಲ. ಬೀದಿ ದೀಪದ ಹತ್ರಾನೂ ಬೇಡ, ಕತ್ತಲಾಯ್ತು ಅಂತ ತಿಳ್ಕೊಳೋದು ಪ್ಯಾನಲ್ಲೇ, ಬೀದಿ ದೀಪ ಬಿದ್ರೆ ಇನ್ನೂ ಹಗಲು ಅನ್ಕೊಂಡು ಹತ್ಕೊಳೋದೇ ಇಲ್ಲ.

ಹಬ್ಬದ ಮೂರು ರಾತ್ರಿಗೆ ಅಂತ ಕೇಳಿದ್ರೆ, ನಿಕಲ್ ಸೆಲ್ಲೇ ಆಗಿದ್ರೆ ಅದೇ 600ದ ಇನ್ನೊಂದು ಜೊತೆಗಿಟ್ಕೋ, ಒಂದು ಉರೀತಿರ್ಲಿ, ಇನ್ನೊಂದು ಒಳಗೆ ಚಾರ್ಜರಲ್ಲಿರ್ಲಿ, ದಿನಾ ಸಾಯಂಕಾಲ ಬದ್ಲಾಯ್ಸು. ಮಿಣಿಮಿಣಿ ಮೋಡ್‌ಗೆ ಹಾಕಿದ್ರೂ ಇನ್ನೊಂದಿಷ್ಟು ಹೊತ್ತು ಬರುತ್ತೆ. ಗಡಿಯಾರಕ್ಕೆ ಹಾಕೋ ಮಾಮೂಲಿ ಸೆಲ್ ಹಾಕ್ಬೇಡ ಪುಟ್ಟಿ, ಪ್ಯಾನಲ್ ಅದನ್ನೂ ಚಾರ್ಜ್ ಮಾಡಕ್ಕೋಗುತ್ತೆ, ಸೋರಿ ಬಾಕ್ಸೆಲ್ಲ ಹಾಳಾಗುತ್ತೆ.

ಹಬ್ಬ ಮುಗಿದ್ಮೇಲೆ ಹಂಗೇ ಅಟ್ಟಕ್ಕೆ ಎಸೀಬೇಡ. ಖಾಲಿ ಸೆಲ್ಲು ಒಂದ್ವರ್ಷ ಕೂತ್ರೆ ಅಲ್ಲೇ ಸಾಯುತ್ತೆ, ಒಂದು ದಿನ ಒಳ್ಳೆ ಬಿಸಿಲಲ್ಲಿಟ್ಟು ಸ್ವಿಚ್ ಆಫ್ ಮಾಡಿ ಎತ್ತಿಡು, ಯುಗಾದಿಗೊಂದ್ಸಲ ಗೌರಿಹಬ್ಬಕ್ಕೊಂದ್ಸಲ ಈಚೆ ತೆಗ್ದು ಬಿಸಿಲು ತೋರ್ಸು. ಈಗ ಆ ಸೆಲ್ ಫೋಟೋ ಒಂದು ಹಾಕು ನೋಡೋಣ.