ಪಾರ್ಕ್ ಮೂಲೆಯ ಬಗ್ಗಡದ ತೊಟ್ಟಿ: ವಾಸನೆ ಮತ್ತೆ ಶುರು

ಸುಮಾ (4ನೇ ಕ್ರಾಸ್): ಬಯೋಗ್ಯಾಸ್ ಘಟಕದ ಹೊರಗಿನ ತೊಟ್ಟಿ ಈ ವಾರ ವಿಪರೀತ ನಾರುತ್ತಿದೆ. ಸಂಜೆ ಕಿಟಕಿ ತೆಗೆಯೋಕೆ ಆಗುತ್ತಿಲ್ಲ. ಮಾಲಿ ಆ ಬಗ್ಗಡವನ್ನೇ ಗಿಡಗಳಿಗೆ ಸುರಿದಿದ್ದಾರೆ. ದಾಸವಾಳದ ಎಲೆಯಂಚೆಲ್ಲ ಸುಟ್ಟ ಹಾಗಾಗಿದೆ. ಭಾನುವಾರದ ಸಭೆಗೆ ಮುಂಚೆ ಇಲ್ಲೇ ಒಂದು ದಾರಿ ನೋಡೋಣವಾ?

ನಾಗರತ್ನಮ್ಮ: ನಮ್ಮ ತವರಲ್ಲಿ ಗೋಬರ್ ಗ್ಯಾಸ್ ಇತ್ತಮ್ಮ. ಬಗ್ಗಡ ನೇರವಾಗಿ ತೆಂಗಿನ ಬುಡಕ್ಕೆ ಹರಿಯುತ್ತಿತ್ತು. ಒಂದು ಚೂರೂ ನಾರುತ್ತಿರಲಿಲ್ಲ. ಇವರು ಏನೋ ತಪ್ಪು ಮಾಡುತ್ತಿದ್ದಾರೆ.

ರಾಜಣ್ಣ (ನಿವೃತ್ತ, ಕೃಷಿ ಇಲಾಖೆ): ಅದು ಸಗಣಿ, ನಾಗರತ್ನಮ್ಮನವರೇ. ಹಸುವಿನ ಹೊಟ್ಟೆಯಲ್ಲಿ ಒಮ್ಮೆ ಅರಗಿ ಬಂದದ್ದು. ನಮ್ಮದು ಮುಸುರೆ. ಅನ್ನ, ಹಣ್ಣು ಬೇಗ ಹುಳಿಯಾಗುತ್ತವೆ, ಉಪ್ಪು ಬೇರೆ ಇದೆ. ಸುಮಾ, ವಾಸನೆ ಯಾವ ತರಹ?

ಸುಮಾ: ಹುಳಿ ಹುಳಿ, ವಾಂತಿ ಹಾಗೆ. ಜೊತೆಗೆ ಕೊಳೆತ ಮೊಟ್ಟೆ.

ರಾಜಣ್ಣ: ಹಾಗಾದರೆ ತೊಂದರೆ ತೊಟ್ಟಿಯಲ್ಲಿಲ್ಲ, ಘಟಕದ ಒಳಗಿದೆ. ಅರಗಿಸಿಕೊಳ್ಳುವುದಕ್ಕಿಂತ ಜಾಸ್ತಿ ಹಾಕುತ್ತಿದ್ದಾರೆ. ಹಬ್ಬದ ಊಟ ಉಳಿದದ್ದೆಲ್ಲ ಅಲ್ಲಿಗೇ ಹೋಯಿತು, ಅಲ್ವಾ? ಚೆನ್ನಾಗಿ ಅರಗಿದ ಬಗ್ಗಡಕ್ಕೆ ಸ್ವಲ್ಪ ಅಮೋನಿಯಾ ಘಾಟು ಇರುತ್ತದೆ, ಅಷ್ಟೇ. ಪಿಎಚ್ ಕಾಗದ ಅದ್ದಿ ನೋಡಿ. 7ರಿಂದ 8ರ ನಡುವೆ ಇರಬೇಕು. 6.5ಕ್ಕಿಂತ ಕೆಳಗಿದ್ದರೆ ಕೆಲವು ದಿನ ಏನೂ ಹಾಕಬೇಡಿ, ಆಮೇಲೆ ಅರ್ಧ ಪ್ರಮಾಣದಿಂದ ಶುರು ಮಾಡಿ. ಕಾಗದ ಇಲ್ಲದಿದ್ದರೂ ಒಂದು ಉಪಾಯ ಇದೆ. ಬಾಟಲಿಯಲ್ಲಿ ಅರ್ಧ ಬಗ್ಗಡ ತುಂಬಿ, ಬಾಯಿಗೆ ಬಲೂನ್ ಕಟ್ಟಿ ನೆರಳಲ್ಲಿಡಿ. ಬಲೂನ್ ದಿನದಿನಕ್ಕೂ ಚೆನ್ನಾಗಿ ಉಬ್ಬುತ್ತಿದ್ದರೆ ಅದು ಇನ್ನೂ ಅರಗಿಲ್ಲ.

ಕಿರಣ್: ಇಷ್ಟೆಲ್ಲ ಯಾಕೆ ಸಾರ್? ತೊಟ್ಟಿಗೆ ಎರಡು ಬುಟ್ಟಿ ಸುಣ್ಣ ಸುರಿದರೆ ಆಯಿತು. ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಹಾಗೇ ಮಾಡುತ್ತಾರೆ.

ರಾಜಣ್ಣ: ಮೊಟ್ಟೆ ವಾಸನೆ ತಗ್ಗುತ್ತದೆ, ನಿಜ. ಆದರೆ ಸುಣ್ಣ ಬಿದ್ದ ಕೂಡಲೇ ಅಮೋನಿಯಾ ಗಾಳಿಗೆ ಏಳುತ್ತದೆ. ಸುಮಾ ಅವರ ಮನೆಗೆ ಕಣ್ಣುರಿ, ಗಿಡಕ್ಕೆ ಸೇರಬೇಕಾದ ಸಾರಜನಕವೂ ಹೋಯಿತು.

ಲತಾ: ಘಟಕದ ಗ್ಯಾಸನ್ನು ಮನೆಗೂ ಕೊಡುತ್ತಾರಾ? ಅರ್ಜಿ ಎಲ್ಲಿ ಹಾಕಬೇಕು?

ಸುಮಾ: ಲತಾ, ಅದು ಕ್ಲಬ್‌ಹೌಸ್ ಒಲೆಗೆ ಮಾತ್ರ. ಇಲ್ಲಿ ಮಾತು ಬಗ್ಗಡದ್ದು.

ಇಕ್ಬಾಲ್ (ಖಜಾಂಚಿ): ನನಗೆ ಲೆಕ್ಕ ಬೇಕು. ದಿನಕ್ಕೆ 40 ಕೆಜಿ ಹಸಿ ಕಸ, ಅಷ್ಟೇ ನೀರು. ಹೊರಗೆ ಬರುವುದು ಎಷ್ಟು?

ರಾಜಣ್ಣ: ಹೆಚ್ಚು ಕಡಿಮೆ 75–80 ಲೀಟರ್. ಗ್ಯಾಸಾಗಿ ಹೋಗುವ ತೂಕ ಕಡಿಮೆ. ಜನಕ್ಕೆ ಇದೇ ಗೊತ್ತಿರುವುದಿಲ್ಲ, ಕಸ ಮಾಯವಾಗುತ್ತದೆ ಅಂದುಕೊಳ್ಳುತ್ತಾರೆ. ಲೀಟರಿಗೆ 2 ಗ್ರಾಂ ಸಾರಜನಕ ಅಂತ ಅಂದಾಜು ಇಟ್ಟುಕೊಳ್ಳಿ.

ಇಕ್ಬಾಲ್: ಅಂದರೆ ತಿಂಗಳಿಗೆ 2,400 ಲೀಟರ್, ಸುಮಾರು 5 ಕೆಜಿ ಸಾರಜನಕ. ಯೂರಿಯಾ ಲೆಕ್ಕದಲ್ಲಿ 10 ಕೆಜಿ ದಾಟುತ್ತದೆ! ನಮ್ಮ ಪಾರ್ಕ್ ಗಿಡ, ಹುಲ್ಲು ಎಲ್ಲ ಸೇರಿ 600 ಚದರ ಮೀಟರ್ ಅಷ್ಟೇ.

ರಾಜಣ್ಣ: ಒಂದೆರಡು ತಿಂಗಳ ಬಗ್ಗಡವೇ ಆ ಪಾರ್ಕಿಗೆ ವರ್ಷಕ್ಕೆ ಸಾಕು. ಮಿಕ್ಕಿದ್ದನ್ನೂ ಸುರಿದರೆ ಬೇರು ಸುಡುತ್ತದೆ, ಇಲ್ಲವೇ ಇಳಿದು ಬೋರ್‌ವೆಲ್ ನೀರಿಗೆ ಸೇರುತ್ತದೆ. ಮೊದಲು ದಾಸವಾಳದ ಬುಡಕ್ಕೆ ಬರಿ ನೀರು ಚೆನ್ನಾಗಿ ಬಿಡಿ, ಉಪ್ಪು ಕೆಳಗಿಳಿಯಲಿ. ಮುಂದೆ ಒಂದು ಪಾಲು ಬಗ್ಗಡಕ್ಕೆ ನಾಲ್ಕು ಪಾಲು ನೀರು, ಸಂಜೆ ಹೊತ್ತು, ಎಲೆಗೆ ತಾಗದ ಹಾಗೆ. ಬುಡದ ಸುತ್ತ ಪಾತಿ ಮಾಡಿ ಹಾಕಿ ಕೂಡಲೇ ಮಣ್ಣು ಮುಚ್ಚಿ. ಬಿಸಿಲಲ್ಲಿ ಮೇಲೆ ಚೆಲ್ಲಿದರೆ ನಾಲ್ಕು ಕ್ರಾಸಿಗೂ ವಾಸನೆ.

ಫರ್ಹಾನಾ: ತಾರಸಿಯ ಕೊತ್ತಂಬರಿಗೆ ಹಾಕಬಹುದಾ?

ರಾಜಣ್ಣ: ಬೇಡಮ್ಮ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ನಮ್ಮ ಘಟಕದ ಬಿಸಿಗೆ ರೋಗಾಣು ಎಲ್ಲ ಸಾಯುವುದಿಲ್ಲ. ಮಲ್ಲಿಗೆ, ದಾಸವಾಳಕ್ಕೆ ಸಾಕು.

ಕಿರಣ್: ತೊಟ್ಟಿಗೆ ಗಟ್ಟಿ ಮುಚ್ಚಳ ಹಾಕಿ ಬೀಗ ಹಾಕಿಬಿಡಿ.

ರಾಜಣ್ಣ: ಮುಚ್ಚಳ ಬೇಕೇ ಬೇಕು, ಆದರೆ ಮೇಲಕ್ಕೆ ಒಂದು ಗಾಳಿ ಪೈಪ್ ಬಿಟ್ಟು. ಒಳಗೆ ಮೀಥೇನ್ ಏಳುತ್ತಲೇ ಇರುತ್ತದೆ, ಹತ್ತಿರ ಬೀಡಿ, ಕಡ್ಡಿ ಗೀರುವುದು ಬೇಡ. ಇನ್ನೊಂದು, ಯಾರೂ ಒಳಗೆ ಬಗ್ಗಬಾರದು, ಇಳಿಯಬಾರದು. ಕೊಳೆತ ಮೊಟ್ಟೆ ವಾಸನೆಯ ಅನಿಲ ಜಾಸ್ತಿಯಾದರೆ ಮೂಗಿಗೆ ಗೊತ್ತಾಗುವುದೇ ನಿಲ್ಲುತ್ತದೆ. ಮಾಲಿಗೆ ಇದನ್ನು ಬಿಡಿಸಿ ಹೇಳಿ.

ನಾಗರತ್ನಮ್ಮ: ಪಾರ್ಕಲ್ಲಿ ತರಗೆಲೆ ರಾಶಿ ಬಿದ್ದಿದೆಯಲ್ಲ, ಅದರ ಮೇಲೆ ಹಾಕಬಾರದಾ?

ರಾಜಣ್ಣ: ಭೇಷ್! ಎಲೆ ಒಂದು ಪದರ, ಬಗ್ಗಡ ತೆಳುವಾಗಿ, ಮತ್ತೆ ಎಲೆ. ಎಲೆ ಸಾರಜನಕ ಹಿಡಿದಿಟ್ಟುಕೊಳ್ಳುತ್ತದೆ, ವಾಸನೆಯೂ ತಗ್ಗುತ್ತದೆ. ಕೆಳಗೆ ನೀರು ಸೋರಬಾರದು ಅಷ್ಟೇ. ಆದರೂ ದಿನಕ್ಕೆ 80 ಲೀಟರ್ ಅದು ಕುಡಿಯಲಾರದು.

ಇಕ್ಬಾಲ್: ಹಾಗಾದರೆ ಮಿಕ್ಕಿದ್ದು ರೈತರಿಗೆ. ತೆಂಗಿನ ತೋಟದವರೊಬ್ಬರು ತಗೊಳ್ಳುತ್ತಾರಂತೆ, ಟ್ಯಾಂಕರ್ ಬಾಡಿಗೆ ನಮ್ಮದು. ಆದರೆ ಮಳೆಗಾಲದಲ್ಲಿ ಅವರಿಗೂ ಬೇಡವಂತೆ. ಆಗ ಎಲ್ಲಿಡೋಣ?

ಕಿರಣ್: ಕಸದ ಜೊತೆ ನೀರಿನ ಬದಲು ಬಗ್ಗಡವನ್ನೇ ವಾಪಸ್ ಹಾಕಿದರೆ?

ರಾಜಣ್ಣ: ಸ್ವಲ್ಪ ಭಾಗ ಹಾಕಬಹುದು, ಪೂರ್ತಿ ಬೇಡ. ಉಪ್ಪು, ಅಮೋನಿಯಾ ಒಳಗೇ ಏರುತ್ತಾ ಹೋಗಿ ಗ್ಯಾಸ್ ಕುಂಠಿತವಾಗುತ್ತದೆ. ನಾಲ್ಕು ತಿಂಗಳಿಗೆ ಸುಮಾರು 10,000 ಲೀಟರ್ ಇಡುವ ಜಾಗ ಬೇಕು. ಅದಕ್ಕೆ ನನ್ನ ಹತ್ತಿರವೂ ಸುಲಭದ ಉತ್ತರ ಇಲ್ಲ.

ಸುಮಾ: ಪಿಎಚ್ ಕಾಗದ ನಾನು ತರುತ್ತೇನೆ. ಬಲೂನ್ ಯಾರ ಮನೆಯಲ್ಲಿದೆ?