ಪವರ್‌ಪ್ಲೇಗೆ ಕನ್ನಡದಲ್ಲಿ ಏನನ್ನೋಣ? ಈ 'ಪವರ್' ಯಾರದ್ದು?

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಅರವತ್ತು ದಾಟಿದ ಮೇಲೆ ಕ್ರಿಕೆಟ್ ನೋಡಲು ಶುರು ಮಾಡಿದ್ದಾರೆ. ಅವರಿಗೂ ಅವರ ಗೆಳತಿಯರಿಗೂ ಆಟ ತಿಳಿಸಲು ಎರಡು ಪುಟ ಬರೆಯುತ್ತಿದ್ದೇನೆ. ಪವರ್‌ಪ್ಲೇ ಬಂದಾಗ 'ಶಕ್ತಿಯಾಟ' ಎಂದು ಬರೆದೆ. ಅತ್ತೆ ಓದಿ, "ಹಾಗಾದ್ರೆ ಆ ಆರು ಓವರ್ ಜೋರಾಗಿ ಹೊಡೀಲೇಬೇಕಾ?" ಎಂದು ಕೇಳಿದರು. ಅಂಥ ನಿಯಮವೇ ಇಲ್ಲ. ನನ್ನ ಪದ ಅವರನ್ನು ದಾರಿ ತಪ್ಪಿಸಿತು. 'ನಿರ್ಬಂಧದ ಓವರ್‌ಗಳು' ಎಂದರೆ ಸರಿಯೇ? 'ಮೂವತ್ತು ಗಜದ ವೃತ್ತ' ಎಂದು ಬರೆಯಬಹುದೇ?

ಉತ್ತರ, ಮೈಸೂರಿನಿಂದ

ಮೇಡಂ, ನಾನು ಹಲವು ವರ್ಷ ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿದ್ದವನು. 'ನಿರ್ಬಂಧದ ಓವರ್' ಎಂದರೆ ಉಳಿದ ಓವರ್‌ಗಳಲ್ಲಿ ನಿರ್ಬಂಧ ಇಲ್ಲ ಎಂದಾಗುತ್ತದೆ. ಆದರೆ ನಿರ್ಬಂಧ ಕೊನೆಯವರೆಗೂ ಇರುತ್ತದೆ, ಸ್ವಲ್ಪ ಸಡಿಲವಾಗುತ್ತದೆ ಅಷ್ಟೆ. ಟಿ-20ಯಲ್ಲಿ ಮೊದಲ 6 ಓವರ್ ಆ ಮೂವತ್ತು ಗಜದ ಗೆರೆಯ ಹೊರಗೆ ಇಬ್ಬರೇ ಫೀಲ್ಡರ್‌ಗಳು ನಿಲ್ಲಬಹುದು, ಆಮೇಲೆ ಐವರು. ಏಕದಿನದಲ್ಲಿ ಮೊದಲ 10 ಓವರ್ ಇಬ್ಬರು, 40ನೇ ಓವರ್‌ವರೆಗೆ ನಾಲ್ವರು, ಕೊನೆಯ ಹತ್ತರಲ್ಲಿ ಐವರು. ಏಕದಿನದ ನಿಯಮದಲ್ಲಿ ಈ ಮೂರು ಭಾಗಕ್ಕೂ ಪವರ್‌ಪ್ಲೇ ಎಂದೇ ಹೆಸರು. ಮಾತಿನಲ್ಲಿ ಮಾತ್ರ ನಾವು ಮೊದಲ ಹತ್ತಕ್ಕೇ ಹಾಗೆ ಹೇಳುತ್ತೇವೆ.

ಪದ ಬಂದಿದ್ದು ಐಸ್ ಹಾಕಿಯಿಂದ. ಅಲ್ಲಿ ತಪ್ಪು ಮಾಡಿದ ಆಟಗಾರ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಆಗ ಎದುರಾಳಿಗೆ ಒಬ್ಬ ಜಾಸ್ತಿ. ಆ ಹೊತ್ತೇ ಪವರ್‌ಪ್ಲೇ. ಕ್ರಿಕೆಟ್‌ಗೆ ಈ ಹೆಸರು 2005ರಲ್ಲಿ ಬಂತು. ನಿಯಮ ಅದಕ್ಕಿಂತ ಹಳೆಯದು; 1992ರ ವಿಶ್ವಕಪ್‌ನಲ್ಲೇ ಮೊದಲ 15 ಓವರ್ ಹೊರಗೆ ಇಬ್ಬರೇ ಇದ್ದರು. ಹಾಗಾಗಿ ಇಲ್ಲಿ ಪವರ್ ಎಂದರೆ ತೋಳಿನ ಬಲ ಅಲ್ಲ, ಒಂದು ಕಡೆಗೆ ಸಿಗುವ ಅನುಕೂಲ. ಅದು ಬ್ಯಾಟ್ ಮಾಡುವವರದ್ದು.

ಅತ್ತೆಯವರಿಗೆ ಹೀಗೆ ತೋರಿಸಿ. ಬೌಲರ್, ಕೀಪರ್ ಬಿಟ್ಟರೆ ಒಂಬತ್ತು ಜನ ಉಳಿಯುತ್ತಾರೆ. ಇಬ್ಬರು ಹೊರಗೆ ಹೋದರೆ ಏಳು ಜನ ಒಳಗೆ. ಮಿಡ್‌ಆಫ್‌ನಲ್ಲಿ ನಿಂತವರ ತಲೆ ಮೇಲೆ ಚೆಂಡು ಎತ್ತಿದರೆ ಸಾಮಾನ್ಯವಾಗಿ ಹಿಂದೆ ಯಾರೂ ಇರುವುದಿಲ್ಲ, ನಾಲ್ಕು ರನ್. ಏಳನೇ ಓವರ್‌ನಲ್ಲಿ ಲಾಂಗ್‌ಆಫ್‌ಗೆ ಒಬ್ಬರನ್ನು ಕಳಿಸಿದರೆ ಅದೇ ಹೊಡೆತಕ್ಕೆ ಒಂದು ರನ್ ಅಥವಾ ಕ್ಯಾಚ್. ಆದರೆ ಹೊಸ ಚೆಂಡು ಸ್ವಿಂಗ್ ಆಗುವ ಹೊತ್ತೂ ಅದೇ. ಏಳು ಜನ ಹತ್ತಿರ ನಿಂತಿರುವುದರಿಂದ ಒಂಟಿ ರನ್ ಕದಿಯುವುದೂ ಕಷ್ಟ. ಅದಕ್ಕೇ ಆಗ ವಿಕೆಟ್‌ಗಳೂ ಬೀಳುತ್ತವೆ.

ಉತ್ತರ, ತುಮಕೂರು ಕಡೆಯಿಂದ

ನಮ್ಮೂರ ಟೆನಿಸ್ ಬಾಲ್ ಟೂರ್ನಿಯಲ್ಲಿ ಪಿಚ್‌ನ ನಡುವೆ ಗೂಟ ನೆಟ್ಟು, ಮೂವತ್ತು ಹೆಜ್ಜೆಯ ಹಗ್ಗ ಕಟ್ಟಿ, ಸುತ್ತ ಸುಣ್ಣ ಹಾಕುತ್ತೇವೆ. ವೃತ್ತ ಅಂದ್ರೆ ವೃತ್ತವೇ ಅಲ್ವಾ? ಪದದಲ್ಲಿ ತೊಂದರೆ ಏನು?

ಉತ್ತರ, ಮೈಸೂರಿನಿಂದ

ಪದ ನಂಬಿದ್ದಕ್ಕೇ ಗೆರೆ ತಪ್ಪಾಗಿದೆ ನೋಡಿ. ಎರಡು ಕಡೆಯ ನಡು ಸ್ಟಂಪ್‌ನಿಂದಲೂ ಮೂವತ್ತು ಗಜದ, ಅಂದರೆ 27.43 ಮೀಟರ್‌ನ ಅರ್ಧ ವೃತ್ತ ಎಳೆಯಬೇಕು. ಆಮೇಲೆ ಎರಡನ್ನೂ ಪಿಚ್‌ಗೆ ಸಮಾನಾಂತರವಾಗಿ ನೇರ ಗೆರೆಯಿಂದ ಸೇರಿಸಬೇಕು. ಆಕಾರ ಮಾತ್ರೆಯ ಹಾಗೆ ಉದ್ದ ಬರುತ್ತದೆ. ಪಿಚ್ 22 ಗಜ. ಹಾಗಾಗಿ ನೀವು ನಡುವಿನಿಂದ ಅಳೆದರೆ ಎರಡೂ ತುದಿಯಲ್ಲಿ 11 ಗಜ ಕಡಿಮೆಯಾಗುತ್ತದೆ. ಒಳಗೇ ನಿಂತ ಮಿಡ್‌ಆಫ್‌ನವರನ್ನು ನೀವು ಹೊರಗೆ ಎಂದು ಎಣಿಸುತ್ತೀರಿ.

ಉತ್ತರ, ಹುಬ್ಬಳ್ಳಿಯಿಂದ

ಗೆರೆಯ ಮಾತು ಬಂತಲ್ಲ, 2019ರ ವಿಶ್ವಕಪ್ ಸೆಮಿಫೈನಲ್ ಇನ್ನೂ ಹೊಟ್ಟೆ ಉರಿಸುತ್ತದೆ. ಮ್ಯಾಂಚೆಸ್ಟರ್‌ನಲ್ಲಿ 49ನೇ ಓವರ್. ಧೋನಿ ರನ್‌ಔಟ್ ಆಗುವ ಮೊದಲು ಟಿವಿಯ ಚಿತ್ರದಲ್ಲಿ ಆರು ಜನ ಹೊರಗೆ ಇದ್ದರು. ಐವರಿಗಿಂತ ಜಾಸ್ತಿ ಇದ್ದರೆ ನೋಬಾಲ್. ಧೋನಿ ಔಟೇ ಅಲ್ಲ!

ಉತ್ತರ, ಮೈಸೂರಿನಿಂದ

ಅರ್ಧ ಸರಿ ಸರ್. ಆರು ಜನ ಇದ್ದರೆ ನೋಬಾಲ್ ಹೌದು. ಸ್ಕ್ವೇರ್‌ಲೆಗ್ ಅಂಪೈರ್ ಕೂಗಬೇಕು. ಆದರೆ ನೋಬಾಲ್‌ನಲ್ಲೂ ರನ್‌ಔಟ್ ಆಗುತ್ತದೆ. ನ್ಯೂಜಿಲೆಂಡ್‌ನ ಗಪ್ಟಿಲ್ ಎಸೆತ ನೇರ ಸ್ಟಂಪ್‌ಗೆ ಬಡಿದ ಮೇಲೆ ಧೋನಿ ಹೋಗಲೇಬೇಕಿತ್ತು. ನಮಗೆ ಸಿಗುತ್ತಿದ್ದದ್ದು ಒಂದು ರನ್, ಮುಂದಿನ ಚೆಂಡಿಗೆ ಫ್ರೀಹಿಟ್. ನಾವು ಸೋತಿದ್ದು 18 ರನ್‌ನಿಂದ. ಇನ್ನೊಂದು ವಿಷಯ, ಲೆಕ್ಕ ಹಿಡಿಯುವುದು ಚೆಂಡು ಹಾಕುವ ಕ್ಷಣದಲ್ಲಿ. ಆ ಚಿತ್ರ ಅದಕ್ಕಿಂತ ಮುಂಚೆ ಬಂದಿದ್ದು. ಅಷ್ಟರಲ್ಲಿ ಒಬ್ಬರು ಒಳಗೆ ಬಂದಿರಬಹುದು.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದ. 'ಪವರ್‌ಪ್ಲೇ' ಹಾಗೇ ಇಡುತ್ತೇನೆ. ಪಕ್ಕದಲ್ಲಿ "ಹೊರಗೆ ಇಬ್ಬರೇ ಇರುವ ಮೊದಲ ಓವರ್‌ಗಳು" ಎಂದು ಬರೆದೆ. ಅತ್ತೆಗೆ ತಕ್ಷಣ ಅರ್ಥವಾಯಿತು. 'ವೃತ್ತ' ತೆಗೆದು 'ಒಳಗೆರೆ' ಎಂದು ಹಾಕಿದ್ದೇನೆ.

ಉತ್ತರ, ತುಮಕೂರು ಕಡೆಯಿಂದ

ಗೆರೆ ಬದಲಿಸುತ್ತೇವೆ. ಆದರೆ 'ಒಳಗೆರೆ' ಎಂದರೆ ನಮ್ಮ ಹುಡುಗರು ಕ್ರೀಸ್ ಅಂದುಕೊಳ್ಳುತ್ತಾರೆ. ಬೇರೆ ಪದ ಇದ್ದರೆ ಹೇಳಿ.