ಮೇ ತಿಂಗಳ ಹೊಸ ಕಸ್ಟಮರ್‌ಗಳು ನಿಜವಾಗ್ಲೂ ವಾಪಸ್ ಬರ್ತಿಲ್ವಾ?

ಪ್ರಶ್ನೆ: ಸರ್, ನಮ್ದು ಆನ್‌ಲೈನ್ ಸ್ಟೋರ್. ಮೊದಲ ಆರ್ಡರ್ ಯಾವ ತಿಂಗಳು ಅಂತ ನೋಡಿ ಕಸ್ಟಮರ್‌ಗಳನ್ನ ಗುಂಪು ಮಾಡ್ದೆ. ಜನವರಿಲಿ ಬಂದ 400 ಜನದಲ್ಲಿ 120 ಜನ ಮತ್ತೆ ತಗೊಂಡಿದಾರೆ, 30%. ಮೇನಲ್ಲಿ ಬಂದ 500ರಲ್ಲಿ 60 ಜನ ಅಷ್ಟೇ, 12%. ಡೇಟಾ ಜುಲೈ 31ರವರೆಗಿದೆ. ತಿಂಗಳು ತಿಂಗಳಿಗೂ ಇಳೀತಾನೇ ಇದೆ, ಭಯ ಆಗ್ತಿದೆ.

ಡೇಟಾ ಅನಲಿಸ್ಟ್: ಈಗ್ಲೇ ಭಯ ಪಡ್ಬೇಡಿ. ಜನವರಿಯವ್ರಿಗೆ ವಾಪಸ್ ಬರೋಕೆ ಕಮ್ಮಿ ಅಂದ್ರೂ ಆರು ತಿಂಗಳು ಸಿಕ್ಕಿದೆ, ಮೇ 31ಕ್ಕೆ ಮೊದಲ ಸಲ ತಗೊಂಡವ್ರಿಗೆ ಎರಡೇ ತಿಂಗಳು, ಹಾಗಾಗಿ ಏನೂ ಕೆಡದೆ ಇದ್ರೂ ಈ ಟೇಬಲ್ ಯಾವಾಗ್ಲೂ ಇಳೀತಿರೋ ಥರಾನೇ ಕಾಣತ್ತೆ. ಒಬ್ಬೊಬ್ರ ಮೊದಲ ಆರ್ಡರ್ ದಿನದಿಂದ 60 ದಿನ ಎಣಿಸಿ, ಅದ್ರೊಳಗೆ ಎರಡನೇ ಆರ್ಡರ್ ಬಂತಾ ಅಂತ ಮಾತ್ರ ನೋಡಿ. ಜೂನ್‌ನವ್ರಿಗೆ ಇನ್ನೂ 60 ದಿನ ತುಂಬಿಲ್ಲ, ಆ ಸಾಲು ಖಾಲಿ ಬಿಡಿ. ಶೀಟ್‌ನಲ್ಲಿ B ಕಸ್ಟಮರ್ ಐಡಿ, C ತಾರೀಖು, D ಸ್ಟೇಟಸ್ ಆದ್ರೆ ಮೊದಲ ಆರ್ಡರ್ ಹೀಗೆ ಸಿಗತ್ತೆ:

```
=MINIFS(C:C,B:B,B2,D:D,"<>Cancelled")
```

ಈ ವರ್ಷದ ಡೇಟಾ ಮಾತ್ರ ಇಳಿಸ್ಕೊಂಡಿದ್ರೆ ಹಳೇ ಕಸ್ಟಮರ್‌ಗಳೆಲ್ಲ ಜನವರಿಲಿ ಹೊಸಬರಾಗಿ ಕೂತಿರ್ತಾರೆ, ಅವ್ರು ಹೇಗೂ ಮತ್ತೆ ಬರೋರೇ. ಶುರುವಿಂದ್ಲೂ ಪೂರ್ತಿ ಡೇಟಾ ತಗೊಳ್ಳಿ.

ಇನ್ನೊಬ್ರು: ಇಷ್ಟೆಲ್ಲ ಯಾಕೆ ಸರ್, ಮುಂದಿನ ತಿಂಗಳಲ್ಲಿ ಎಷ್ಟು ಜನ ಬಂದ್ರು ಅಂತ ನೋಡಿದ್ರೆ ಆಯ್ತಲ್ವಾ?

ಡೇಟಾ ಅನಲಿಸ್ಟ್: ಎಲ್ರಿಗೂ ಒಂದೇ ಅವಧಿ ಕೊಡ್ಬೇಕು ಅನ್ನೋದು ಸರಿ. ಆದ್ರೆ 3ನೇ ತಾರೀಖು ತಗೊಂಡು 20ಕ್ಕೇ ಮತ್ತೆ ಬಂದವ್ರು ನಿಮ್ಮ ಲೆಕ್ಕದಲ್ಲಿ ಬರೋದೇ ಇಲ್ಲ.

ಮತ್ತೊಬ್ರು: ನಮ್ಮಲ್ಲಿ ತಿಂಗಳ ಆರ್ಡರ್‌ಗಳಲ್ಲಿ 45% ಹಳಬರದ್ದೇ. ನಿಮ್ಮ 12% ತುಂಬಾ ಕಮ್ಮಿ ಆಯ್ತು ಮೇಡಂ, ಕೂಪನ್ ಕಳ್ಸಿ.

ಡೇಟಾ ಅನಲಿಸ್ಟ್: ಅದು ಬೇರೆ ಲೆಕ್ಕ. ನೀವು ಭಾಗಿಸ್ತಿರೋದು ಆರ್ಡರ್‌ಗಳಿಂದ, ಇವ್ರು ಹೊಸ ಕಸ್ಟಮರ್‌ಗಳಿಂದ. ಹೊಸಬರು ಬರೋದು ನಿಂತ್ರೆ ನಿಮ್ಮ 45% ತಾನೇ ಏರತ್ತೆ.

ಕೇಳಿದವ್ರು: 60 ದಿನದ್ದು ತೆಗ್ದೆ ಸರ್. ಜನವರಿ 52 ಜನ, 13%. ಮೇ 55 ಜನ, 11%. ಆದ್ರೂ ಇಳ್ದಿದೆ ಅಲ್ವಾ?

ಡೇಟಾ ಅನಲಿಸ್ಟ್: 500ರಲ್ಲಿ ಎರಡು ಪರ್ಸೆಂಟ್ ಅಂದ್ರೆ ಹತ್ತು ಜನ, ಇಷ್ಟು ಚಿಕ್ಕ ಗುಂಪಲ್ಲಿ ಆಕಸ್ಮಿಕವಾಗೂ ಹೆಚ್ಚುಕಮ್ಮಿ ಆಗತ್ತೆ. ಅದೇ ದಿನ ಎರಡನೇ ಆರ್ಡರ್ ಹಾಕಿದವ್ರು ಎಷ್ಟು ನೋಡಿ, ಏನೋ ಮರ್ತು ಹತ್ತು ನಿಮಿಷಕ್ಕೆ ಮತ್ತೆ ಹಾಕಿರ್ತಾರೆ, ಅದನ್ನ ನಾನಂತೂ ವಾಪಸ್ ಬಂದ ಹಾಗೆ ಎಣಿಸಲ್ಲ.

ಕೇಳಿದವ್ರು: ಜನವರಿಲಿ 11 ಜನ ಹಾಗೇ ಇದಾರೆ, ಆಮೇಲೆ ಬಂದೇ ಇಲ್ಲ. ಮೇನಲ್ಲಿ 4. ಕಳೆದ್ರೆ 41 ಮತ್ತು 51, ಎರಡೂ 10% ಹತ್ರ! ಲಾಗಿನ್ ಆಗದೆ ಬೇರೆ ಬೇರೆ ಇಮೇಲ್ ಕೊಟ್ಟು ತಗೊಂಡವ್ರನ್ನ ಏನ್ ಮಾಡ್ಲಿ?

ಡೇಟಾ ಅನಲಿಸ್ಟ್: ಫೋನ್ ನಂಬರ್ ಮೇಲೆ ಸೇರಿಸಿ ನೋಡಿ. ಮನೇಲಿ ಇಬ್ರು ಒಂದೇ ನಂಬರ್ ಕೊಟ್ಟಿದ್ರೆ ಅವ್ರು ಒಬ್ರಾಗಿಬಿಡ್ತಾರೆ, ಅದಕ್ಕೆ ಪೂರ್ತಿ ಪರಿಹಾರ ನನ್ಹತ್ರಾನೂ ಇಲ್ಲ. ಸೇರಿಸೋಕೆ ಮುಂಚೆ, ಆಮೇಲೆ, ಎರಡೂ ಸಂಖ್ಯೆ ಇಲ್ಲಿ ಹಾಕಿ.